ಮೇಲೆ ಟ್ಯಾಂಕ್ ತುಂಬಿದೆ, ಕೆಳಗೆ ಸಂಪು ಯಾಕೆ ಬರಿದಾಯಿತು?

ಮಳೆಗಾಲ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಜಲಾಶಯಗಳ ಒಂದು ಪುಟ್ಟ ಪಟ್ಟಿ ಕಾಣಿಸಿಕೊಳ್ಳುತ್ತದೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್. ಮಂಡ್ಯದ ಕಡೆಯ ರೈತರಿಗೆ ಇದನ್ನು ಓದುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಟ್ಟ ನೋಡಿ ಸುಮ್ಮನಾಗದೆ ಅವರು ಎರಡು ಹರಿವುಗಳ ನಡುವಿನ ವ್ಯತ್ಯಾಸಕ್ಕೆ ಹೋಗುತ್ತಾರೆ. ಹೊರಗೆ ಹೋಗುವುದಕ್ಕಿಂತ 10,000 ಕ್ಯುಸೆಕ್ ಹೆಚ್ಚು ನೀರು ಇಡೀ ದಿನ ಒಳಗೆ ಬಂದರೆ ಅಣೆಕಟ್ಟಿನಲ್ಲಿ ಸುಮಾರು 0.86 ಟಿಎಂಸಿ ನೀರು ಏರುತ್ತದೆ. ಮಟ್ಟ ಹೇಳುವುದು ಇಲ್ಲಿಯವರೆಗೆ ಏನಾಯಿತು ಎಂಬುದನ್ನು ಮಾತ್ರ. ನಾಳೆ ಏನಾಗುತ್ತದೆ ಎಂಬುದು ಆ ವ್ಯತ್ಯಾಸದಲ್ಲಿದೆ.

ಇದೇ ಲೆಕ್ಕವನ್ನು ನಾವು ನಮ್ಮ ಮನೆಯ ನೀರಿಗೆ ಹಾಕುವುದಿಲ್ಲ. ಮನೆಯಲ್ಲಿ ನಮಗಿರುವುದು ಎರಡೇ ಸ್ಥಿತಿ: ನೀರಿದೆ, ನೀರಿಲ್ಲ. ‘ಇದೆ’ ಎನ್ನುವಲ್ಲಿಂದ ‘ಇಲ್ಲ’ ಎನ್ನುವಲ್ಲಿಗೆ ಬರಲು ಏಳು ವಾರ ಹಿಡಿದಿದ್ದರೂ ಅದು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಆದಂತೆ ತೋರುತ್ತದೆ. ಆ ಏಳು ವಾರಗಳನ್ನು ಕಣ್ಣಿಗೆ ಕಾಣುವಂತೆ ಮಾಡುವ ಒಂದು ಚಿತ್ರವಿದೆ. ಅದರ ಹೆಸರು ಸ್ಟಾಕ್ ಅಂಡ್ ಫ್ಲೋ ಡಯಾಗ್ರಮ್. ಸಂಗ್ರಹ ಮತ್ತು ಹರಿವಿನ ನಕ್ಷೆ ಎನ್ನಬಹುದು.

ಇದರ ಮೂಲ ಅಮೆರಿಕದ ಎಂಐಟಿಯಲ್ಲಿದೆ. ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದ ಜೇ ಫಾರೆಸ್ಟರ್ 1956ರಲ್ಲಿ ಅಲ್ಲಿನ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಂಟಕಿ ಕಾರ್ಖಾನೆಯಲ್ಲಿ ಕೆಲವು ವರ್ಷ ಓವರ್‌ಟೈಮ್ ದುಡಿಮೆ, ಮತ್ತೆ ಕೆಲವು ವರ್ಷ ಅರ್ಧ ಜನ ಮನೆಗೆ, ಹೀಗೆ ಏರಿಳಿತ ನಡೆದೇ ಇತ್ತು. ಎಲ್ಲರೂ ಮಾರುಕಟ್ಟೆಯನ್ನು ದೂರುತ್ತಿದ್ದರು. ಫಾರೆಸ್ಟರ್ ಪೆನ್ಸಿಲ್ ಹಿಡಿದು ವಾರವಾರದ ಲೆಕ್ಕ ಹಾಕಿ, ಹೊರಗಿನ ಬೇಡಿಕೆ ಸ್ಥಿರವಾಗಿದ್ದರೂ ಕಾರ್ಖಾನೆಯ ಒಳಗಿನ ನಿರ್ಧಾರಗಳೇ ಈ ಏರಿಳಿತವನ್ನು ಹುಟ್ಟಿಸಬಲ್ಲವು ಎಂದು ತೋರಿಸಿದರು. 1961ರಲ್ಲಿ ಅವರ ‘ಇಂಡಸ್ಟ್ರಿಯಲ್ ಡೈನಮಿಕ್ಸ್’ ಪುಸ್ತಕ ಬಂತು. ಸಿಸ್ಟಮ್ ಡೈನಮಿಕ್ಸ್ ಎಂಬ ಶಾಸ್ತ್ರ ಬೆಳೆದದ್ದು ಹೀಗೆ. ತಪ್ಪು ಹೊರಗಿನದೋ ಒಳಗಿನದೋ ಎಂಬ ಅವರ ಪ್ರಶ್ನೆ ನಮ್ಮ ಸಂಪಿನ ಮುಂದೆಯೂ ನಿಲ್ಲುತ್ತದೆ.

ನಕ್ಷೆಯ ಗುರುತುಗಳು ನಾಲ್ಕೇ. ಸಂಗ್ರಹಕ್ಕೆ ಒಂದು ಚೌಕ. ಹರಿವಿಗೆ ಕೊಳವೆಯಂಥ ಜೋಡಿ ಗೆರೆ, ಅದರ ಮೇಲೊಂದು ವಾಲ್ವ್. ನಮ್ಮ ಲೆಕ್ಕದ ಗಡಿಯಾಚೆ ಇರುವುದಕ್ಕೆ ಮೋಡ. ಸುದ್ದಿ ಸಾಗುವ ದಾರಿಗೆ ತೆಳು ಬಾಣ. ಜೋಡಿ ಗೆರೆಯಲ್ಲಿ ನೀರು ಹರಿಯುತ್ತದೆ, ತೆಳು ಬಾಣದಲ್ಲಿ ‘ಮಟ್ಟ ಇಷ್ಟಿದೆ’ ಎಂಬ ಮಾಹಿತಿ ಹರಿಯುತ್ತದೆ. ಇವೆರಡನ್ನು ಬೆರೆಸದಿದ್ದರೆ ಅರ್ಧ ಕೆಲಸ ಮುಗಿದಂತೆ.

ಬೆಂಗಳೂರಿನ ಒಂದು ಸಾಧಾರಣ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಒಟ್ಟು ಏಳು ಜನ. ಅಂಗಳದಲ್ಲಿ 6000 ಲೀಟರಿನ ಸಂಪು, ತಾರಸಿಯ ಮೇಲೆ 1000 ಲೀಟರಿನ ಟ್ಯಾಂಕ್. ಕಾವೇರಿ ನೀರು ದಿನ ಬಿಟ್ಟು ದಿನ ಮೂರು ಗಂಟೆ ಬರುತ್ತದೆ, ಗಂಟೆಗೆ 600 ಲೀಟರ್. ಮೋಟಾರು ನಿಮಿಷಕ್ಕೆ 40 ಲೀಟರ್ ಎತ್ತುತ್ತದೆ. ತಲೆಗೆ ದಿನಕ್ಕೆ 120 ಲೀಟರಿನಂತೆ ಮನೆಯ ಬಳಕೆ 840 ಲೀಟರ್. ನಕ್ಷೆಯ ಬೆನ್ನೆಲುಬು ಹೀಗಿರುತ್ತದೆ:

```
(ಮೋಡ) ==ನಲ್ಲಿ ನೀರು==> [ಸಂಪು] ==ಮೋಟಾರು==> [ಟ್ಯಾಂಕ್] ==ಬಳಕೆ==> (ಮೋಡ)
```

ಇದನ್ನು ಬಿಡಿಸಲು ಕೂತವರಲ್ಲಿ ಹೆಚ್ಚಿನವರು ಮೋಟಾರಿಗೂ ಒಂದು ಚೌಕ ಹಾಕುತ್ತಾರೆ. ಯಂತ್ರ ಗಟ್ಟಿ ವಸ್ತುವಾಗಿ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ. ಚೌಕ ಯಾವುದು, ಕೊಳವೆ ಯಾವುದು ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಕಾಲವನ್ನು ಒಂದು ಕ್ಷಣ ನಿಲ್ಲಿಸಿ, ಇಡೀ ಮನೆಯ ಫೋಟೊ ತೆಗೆದಿರಿ ಎಂದುಕೊಳ್ಳಿ. ಆ ಫೋಟೊದಲ್ಲಿ ಅಳೆಯಲು ಸಿಗುವುದೇ ಸಂಗ್ರಹ. ಸಂಪಿನಲ್ಲಿ 4000 ಲೀಟರ್ ಇದೆ ಎಂದು ಹೇಳಬಹುದು, ಆದರೆ ಮೋಟಾರು ಎಷ್ಟು ನೀರು ಎತ್ತುತ್ತಿದೆ ಎಂದು ನಿಂತ ಕಾಲದಲ್ಲಿ ಹೇಳಲಾಗದು. ಸಂಗ್ರಹದ ಅಳತೆ ಲೀಟರ್, ಹರಿವಿನದು ನಿಮಿಷಕ್ಕೆ ಅಥವಾ ದಿನಕ್ಕೆ ಇಷ್ಟು ಲೀಟರ್. ‘ಪ್ರತಿ ಇಷ್ಟು ಹೊತ್ತಿಗೆ’ ಎಂಬ ಮಾತು ಬಂದರೆ ಅದು ಹರಿವು.

ಹೀಗೆ ಬಿಡಿಸಿದ ಕೂಡಲೇ ಒಂದು ಸಂಗತಿ ಕಾಣುತ್ತದೆ. ಮೋಟಾರು ಸಂಪಿಗೆ ಹೊರಹರಿವು, ಟ್ಯಾಂಕಿಗೆ ಒಳಹರಿವು. ಮನೆಯ ಒಟ್ಟು ನೀರಿಗೆ ಅದು ಒಂದು ತೊಟ್ಟನ್ನೂ ಸೇರಿಸುವುದಿಲ್ಲ. ‘ಮೋಟಾರು ಹಾಕಿದೆವು, ಈಗ ನೀರಿದೆ’ ಎನ್ನುವಾಗ ನಾವು ನೀರನ್ನು ಕೆಳಗಿನ ಚೌಕದಿಂದ ಮೇಲಿನ ಚೌಕಕ್ಕೆ ಸಾಗಿಸಿರುತ್ತೇವೆ, ಅಷ್ಟೆ. ಮನೆಗೆ ನಿಜವಾದ ಒಳಹರಿವು ಬೀದಿಯ ಪೈಪು ಒಂದೇ. ಅದರಾಚೆಯ ಮೋಡದಲ್ಲಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೊಮೀಟರು ಹರಿದು, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುವ ನೀರಿನ ಕಥೆಯೆಲ್ಲ ಅಡಗಿದೆ. ಅದು ನಮ್ಮ ಹತೋಟಿಯಲ್ಲಿಲ್ಲದ ಕಾರಣ ಮೋಡ ಬರೆದು ಬಿಡುತ್ತೇವೆ.

ಈಗ ತೆಳು ಬಾಣಗಳು. ಟ್ಯಾಂಕಿಗೆ ಸೆನ್ಸರ್ ಹಾಕಿಸಿದ್ದರೆ ಟ್ಯಾಂಕಿನ ಮಟ್ಟದಿಂದ ಮೋಟಾರಿನ ವಾಲ್ವ್‌ಗೆ ಒಂದು ಬಾಣ ಬರುತ್ತದೆ. ಮಟ್ಟ ಇಳಿದರೆ ಮೋಟಾರು ಓಡುತ್ತದೆ, ಮೋಟಾರು ಓಡಿದರೆ ಮಟ್ಟ ಏರುತ್ತದೆ, ಏರಿದ ಮಟ್ಟ ಮೋಟಾರನ್ನು ನಿಲ್ಲಿಸುತ್ತದೆ. ಸುದ್ದಿ ಹೊರಟಲ್ಲಿಗೇ ತಿರುಗಿ ಬಂತು. ಇದೇ ಫೀಡ್‌ಬ್ಯಾಕ್. ಬದಲಾವಣೆಯನ್ನು ತಡೆದು, ಇದ್ದ ಸ್ಥಿತಿಗೇ ಎಳೆದು ತರುವುದರಿಂದ ಇದು ಸಮತೋಲನದ ಫೀಡ್‌ಬ್ಯಾಕ್. ಸೆನ್ಸರ್ ಇಲ್ಲದ ಮನೆಯಲ್ಲೂ ಈ ಬಾಣ ಇರುತ್ತದೆ. ಅಲ್ಲಿ ಸುದ್ದಿ ಟ್ಯಾಂಕ್ ತುಂಬಿ ತಾರಸಿಯಿಂದ ಸುರಿಯುವ ಸದ್ದಿನ ಮೂಲಕ, ‘ಮೋಟಾರ್ ಆಫ್ ಮಾಡ್ರೀ’ ಎಂಬ ಎದುರು ಮನೆಯವರ ಕೂಗಿನ ಮೂಲಕ ಬರುತ್ತದೆ. ತಡವಾಗಿ ಬರುತ್ತದೆ, ಆದರೂ ಫೀಡ್‌ಬ್ಯಾಕ್ ಫೀಡ್‌ಬ್ಯಾಕೇ.

ಈ ಬಾಣಕ್ಕೆ ಎರಡು ಗೆರೆಗಳು ಬೇಕು. ನಮ್ಮ ಮನೆಯಲ್ಲಿ 200 ಲೀಟರಿಗೆ ಇಳಿದಾಗ ಮೋಟಾರು ಶುರು, 950ಕ್ಕೆ ಏರಿದಾಗ ಬಂದ್ ಎಂದಿಟ್ಟುಕೊಳ್ಳಿ. ಬೆಳಗಿನ ಸ್ನಾನದ ಹೊತ್ತಿನಲ್ಲಿ ನಿಮಿಷಕ್ಕೆ 10 ಲೀಟರ್ ಹೊರಹೋಗುತ್ತಿದ್ದರೆ, ಮೋಟಾರು ತರುವ 40ರಲ್ಲಿ ಉಳಿಯುವುದು 30. ಮಟ್ಟ 750 ಲೀಟರ್ ಏರಬೇಕು, 25 ನಿಮಿಷ. ಮಧ್ಯಾಹ್ನ ಯಾರೂ ನಲ್ಲಿ ತಿರುಗಿಸದಿದ್ದರೆ ಅದೇ ಕೆಲಸ 19 ನಿಮಿಷದಲ್ಲಿ ಮುಗಿಯುತ್ತದೆ. ಎರಡರ ಬದಲು 900 ಲೀಟರಿನಲ್ಲಿ ಒಂದೇ ಗೆರೆ ಇಟ್ಟರೆ ಒಂದು ಬಕೆಟ್ ತೆಗೆದ ಕೂಡಲೇ ಮೋಟಾರು ಹೊತ್ತಿಕೊಂಡು ಅರೆ ನಿಮಿಷದಲ್ಲಿ ಆರುತ್ತದೆ. ಹೀಗೆ ಪದೇ ಪದೇ ಶುರುವಾಗುವ ಮೋಟಾರಿನ ವೈಂಡಿಂಗ್ ಕಾದು ಸುಡುತ್ತದೆ.

ಸಂಪಿನ ಬಾಯಿಯಲ್ಲಿ ಇನ್ನೊಂದು ಫೀಡ್‌ಬ್ಯಾಕ್ ಇದೆ, ಬಾಲ್ ಕಾಕ್. ನೀರಿನ ಜೊತೆ ಚೆಂಡು ಏರಿ ಬೀದಿ ನೀರಿನ ದಾರಿಯನ್ನು ಮುಚ್ಚುತ್ತದೆ. ಆದರೆ ಇದರ ಕೈ ಒಂದೇ ಕಡೆಗೆ ಬಗ್ಗುತ್ತದೆ. ಸಂಪು ತುಂಬಿದ್ದರೆ ಒಳಹರಿವನ್ನು ತಗ್ಗಿಸಬಲ್ಲದು. ಸಂಪು ಬರಿದಾಗುತ್ತಿದೆ ಎಂದು ನೀರು ಬಿಡುವವರಿಗೆ ಹೇಳಿ ನಾಲ್ಕನೆಯ ಗಂಟೆ ನೀರು ಬಿಡಿಸಲಾರದು. ಸಂಪಿನಿಂದ ಮೋಡದತ್ತ ಯಾವ ಬಾಣವೂ ಹೋಗುವುದಿಲ್ಲ. ಮನೆಯ ನೀರಿನ ತೊಂದರೆಗಳ ಗುಟ್ಟು ನನ್ನ ಮಟ್ಟಿಗೆ ಈ ಇಲ್ಲದ ಬಾಣದಲ್ಲಿದೆ.

ಲೆಕ್ಕ ನೋಡಿ. ಎರಡು ದಿನಕ್ಕೊಮ್ಮೆ 1800 ಲೀಟರ್ ಬರಬಹುದು, ಎರಡು ದಿನದ ಬಳಕೆ 1680. ಉಳಿತಾಯ 120. ಸಂಪು ತುಂಬಿದ ಮೇಲೆ ಬಾಲ್ ಕಾಕ್ ಆ 120 ಲೀಟರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ನೀರು ಬಂದ ದಿನ ಸಂಪು 6000ಕ್ಕೆ ತುಂಬುತ್ತದೆ, ಮತ್ತೆ ನೀರು ಬರುವ ಮುನ್ನ 4320ಕ್ಕೆ ಇಳಿದಿರುತ್ತದೆ. ತಿಂಗಳುಗಟ್ಟಲೆ ಇದೇ ಏರಿಳಿತ, ಯಾವ ತಕರಾರೂ ಇಲ್ಲ.

ಫೆಬ್ರವರಿ 1ರಂದು ಮೇಲಿನ ಮನೆಯ ಟಾಯ್ಲೆಟ್ ಫ್ಲಶ್ ಟ್ಯಾಂಕಿನ ತಳದ ರಬ್ಬರು ಹಳತಾಗಿ ಸರಿಯಾಗಿ ಕೂರದೆ ಹೋಯಿತು ಎಂದುಕೊಳ್ಳಿ. ನಿಮಿಷಕ್ಕೆ 100 ಮಿಲಿಲೀಟರ್ ಸೋರುತ್ತದೆ. ಕಮೋಡಿನ ಗೋಡೆಯ ಮೇಲೆ ತೆಳ್ಳಗೆ ಇಳಿಯುವ ನೀರು ಕಣ್ಣಿಗೂ ಬೀಳದು, ಸದ್ದೂ ಮಾಡದು. ಗಂಟೆಗೆ 6 ಲೀಟರ್, ದಿನಕ್ಕೆ 144. ಮನೆಯಲ್ಲಿ ಇನ್ನೊಬ್ಬರು ಬಂದು ಉಳಿದು ದಿನವೂ ಸ್ವಲ್ಪ ಧಾರಾಳವಾಗಿಯೇ ನೀರು ಬಳಸಿದಷ್ಟು.

ಈಗ ಫೀಡ್‌ಬ್ಯಾಕ್‌ಗಳು ಏನು ಮಾಡುತ್ತವೆ? ತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತವೆ. ಫ್ಲಶ್ ಟ್ಯಾಂಕಿನ ಮಟ್ಟ ಇಳಿದದ್ದನ್ನು ಕಂಡು ಅದರೊಳಗಿನ ಪುಟ್ಟ ಬಾಲ್ ಕಾಕ್ ನೀರು ತುಂಬಿಸುತ್ತದೆ, ಕೊರತೆ ತಾರಸಿಯ ಟ್ಯಾಂಕಿಗೆ ದಾಟಿತು. ತಾರಸಿಯ ಟ್ಯಾಂಕ್ ಇಳಿದದ್ದನ್ನು ಕಂಡು ಸೆನ್ಸರ್ ಮೋಟಾರು ಓಡಿಸುತ್ತದೆ, ಕೊರತೆ ಸಂಪಿಗೆ ದಾಟಿತು. ಮೋಟಾರು ದಿನಕ್ಕೆ ಮೂರೂವರೆ ನಿಮಿಷ ಹೆಚ್ಚು ಓಡಿದ್ದು ಕರೆಂಟು ಬಿಲ್ಲಿನಲ್ಲಿ ಗೊತ್ತೇ ಆಗದು. ಸಂಪಿನ ಬಾಲ್ ಕಾಕ್ ಕೂಡ ಈಗ ಪೂರ್ತಿ ತೆರೆದುಕೊಂಡು, ಮೊದಲು ಬೇಡವೆಂದಿದ್ದ 120 ಲೀಟರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಇನ್ನು ಕೊರತೆಯನ್ನು ಹಿಂದಕ್ಕೆ ದಾಟಿಸಲು ಯಾರೂ ಇಲ್ಲ. ಸೋರಿಕೆಯಲ್ಲಿ 288 ಹೋಗಿ, ಹೆಚ್ಚುವರಿ 120 ಬಂದು, ಎರಡು ದಿನಕ್ಕೆ 168 ಲೀಟರ್ ಕೊರತೆ ಸಂಪಿನಲ್ಲಿ ಉಳಿಯುತ್ತದೆ.

ಎರಡು ದಿನದ ಒಟ್ಟು ಹೊರಹರಿವು ಈಗ 1968 ಲೀಟರ್. ಸಂಪಿನ ಶಿಖರ ಪ್ರತಿ ಸಲ 168ರಂತೆ ತಗ್ಗುತ್ತಾ 6000ದಿಂದ 1968ಕ್ಕೆ ಬರಲು 24 ಸುತ್ತು, ಅಂದರೆ 48 ದಿನ ಬೇಕು. ಅಲ್ಲಿಗೆ ನೀರು ಬರುವ ಹೊತ್ತಿಗೆ ಸರಿಯಾಗಿ ಸಂಪು ತಳ ಕಾಣುತ್ತದೆ. ಅದರ ಮುಂದಿನ ಸುತ್ತಿನಲ್ಲಿ ಮೋಟಾರು ಗಾಳಿ ಎಳೆಯುತ್ತದೆ. ದಿನಾಂಕ ಮಾರ್ಚ್ 20 ದಾಟಿದೆ, ಬೇಸಿಗೆ ಶುರುವಾಗಿದೆ. ಇಡೀ ಮನೆ ಒಂದೇ ತೀರ್ಮಾನಕ್ಕೆ ಬರುತ್ತದೆ: ನೀರು ಸರಿಯಾಗಿ ಬಿಡುತ್ತಿಲ್ಲ. ಒಳಹರಿವಿನಲ್ಲಿ ಒಂದು ಲೀಟರೂ ಕಡಿಮೆಯಾಗಿಲ್ಲ. ಎರಡು ದಿನದ ಹಿಂದಿನವರೆಗೆ ಎಲ್ಲ ಚೆನ್ನಾಗಿತ್ತಲ್ಲ ಎಂಬ ವಾದಕ್ಕೆ ಸಾಕ್ಷಿಯಾಗಿ ತಾರಸಿಯ ಟ್ಯಾಂಕ್ ನಿಂತಿರುತ್ತದೆ. ಅದು ಕೊನೆಯ ದಿನದವರೆಗೂ ತುಂಬುತ್ತಲೇ ಇತ್ತು.

ಇಂಥ ತಪ್ಪು ಲೆಕ್ಕ ಓದಿಲ್ಲದವರದು ಮಾತ್ರವಲ್ಲ. ಎಂಐಟಿಯ ಜಾನ್ ಸ್ಟರ್ಮನ್ ಮತ್ತು ಲಿಂಡಾ ಬೂತ್ ಸ್ವೀನಿ ತಮ್ಮ ವಿದ್ಯಾರ್ಥಿಗಳಿಗೆ ಸ್ನಾನದ ತೊಟ್ಟಿಯ ಒಳಹರಿವು, ಹೊರಹರಿವು ಕೊಟ್ಟು ನೀರಿನ ಪ್ರಮಾಣದ ಗ್ರಾಫ್ ಬರೆಯಲು ಹೇಳಿದ್ದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗಣಿತ ಬಲ್ಲ ವಿದ್ಯಾರ್ಥಿಗಳೇ ಬಹಳಷ್ಟು ಮಂದಿ ಎಡವಿದರು. ಸಂಗ್ರಹದ ಗ್ರಾಫೂ ಒಳಹರಿವಿನ ಗ್ರಾಫಿನಂತೆಯೇ ಇರುತ್ತದೆ ಎಂದುಕೊಂಡದ್ದು ಸಾಮಾನ್ಯ ತಪ್ಪುಗಳಲ್ಲಿ ಒಂದು. ಒಳಹರಿವು ಇಳಿಮುಖವಾಗಿದ್ದರೂ ಹೊರಹರಿವಿಗಿಂತ ಹೆಚ್ಚಿರುವ ತನಕ ಮಟ್ಟ ಏರುತ್ತಲೇ ಇರುತ್ತದೆ. ಕೆಆರ್‌ಎಸ್ ಪಟ್ಟಿ ಓದಿ ರೂಢಿಯಿದ್ದವರು ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತಿದ್ದರೇನೋ.

ಸಂಪು ಒಮ್ಮೆ ಬತ್ತಿದ ಮೇಲೆ ನಕ್ಷೆಗೆ ಇನ್ನೊಂದು ಬಗೆಯ ಬಾಣ ಸೇರಿಕೊಳ್ಳುತ್ತದೆ. ಹೆದರಿದ ಮನೆಯವರು ಕಂಡ ಕಂಡ ಡ್ರಮ್ಮು, ಕೊಡಗಳನ್ನು ತುಂಬಿಸಿಡುತ್ತಾರೆ. ಡ್ರಮ್ ತುಂಬಿಸುವುದು ಬಳಕೆಯಲ್ಲ, ಅದೂ ಒಂದು ಸಂಗ್ರಹ, ನಕ್ಷೆಯಲ್ಲಿ ಮೂರನೆಯ ಚೌಕ. ಆದರೆ ಮರುದಿನ ಹೊಸ ನೀರು ಬಂದ ಕೂಡಲೇ ‘ನಿನ್ನೆಯ ನೀರು’ ಎಂದು ಡ್ರಮ್ಮಿನದನ್ನು ಅಂಗಳಕ್ಕೆ ಸುರಿದು ಮತ್ತೆ ತುಂಬುವುದು ನಮ್ಮಲ್ಲಿ ಅಪರೂಪವಲ್ಲ. 200 ಲೀಟರಿನ ಮೂರು ಡ್ರಮ್ ಹಾಗೆ ಚೆಲ್ಲಿದರೆ 600 ಲೀಟರ್ ಹೋಯಿತು. ಸಂಪು ಇನ್ನೂ ಬೇಗ ಬತ್ತುತ್ತದೆ, ಭಯ ಹೆಚ್ಚುತ್ತದೆ, ಇನ್ನೊಂದು ಡ್ರಮ್ ಬರುತ್ತದೆ. ಸೆನ್ಸರಿನ ಸುತ್ತು ಏರುಪೇರನ್ನು ತಣಿಸಿದರೆ ಈ ಸುತ್ತು ಅದನ್ನು ಬೆಳೆಸುತ್ತದೆ. ಇದಕ್ಕೆ ಬಲವರ್ಧಕ ಫೀಡ್‌ಬ್ಯಾಕ್ ಎನ್ನುತ್ತಾರೆ.

ಟ್ಯಾಂಕರ್ ತರಿಸುವವರು ಗಮನಿಸಬೇಕಾದದ್ದು ತಡ. ಸಂಪಿನಲ್ಲಿ 1000 ಲೀಟರ್ ಇರುವಾಗ ಫೋನ್ ಮಾಡುವುದು ಮನೆಯ ಪದ್ಧತಿ, ಟ್ಯಾಂಕರ್ ಬರುವುದು ಎರಡು ದಿನಕ್ಕೆ ಎಂದಿಟ್ಟುಕೊಳ್ಳಿ. ಸೋರಿಕೆ ಸೇರಿ ದಿನದ ಹೊರಹರಿವು 984. ಬೀದಿಯ ನೀರು ನಿಂತಿದ್ದರೆ ಫೋನ್ ಮಾಡಿದ ಮರುದಿನವೇ ಸಂಪು ಖಾಲಿ, ಒಂದಿಡೀ ದಿನ ನೀರಿಲ್ಲ. ಗಾಬರಿಯಲ್ಲಿ ಇನ್ನೊಬ್ಬರಿಗೂ ಫೋನ್ ಮಾಡಿದರೆ ಎರಡೂ ಟ್ಯಾಂಕರ್ ಒಟ್ಟಿಗೆ ಬಂದು, ಎರಡನೆಯದಕ್ಕೆ ಸಂಪಿನಲ್ಲಿ ಜಾಗವೇ ಇರುವುದಿಲ್ಲ. ಫೋನ್ ಮಾಡಬೇಕಾದ ಗೆರೆ ದಿನದ ಹೊರಹರಿವನ್ನು ತಡದ ದಿನಗಳಿಂದ ಗುಣಿಸಿದಷ್ಟು, ಇಲ್ಲಿ ಸುಮಾರು 2000 ಲೀಟರ್.

ಸೋರಿಕೆಯನ್ನು ಹಿಡಿಯಲು ತಾರಸಿ ಹತ್ತುವವರು ಮೊದಲು ಸೆನ್ಸರನ್ನು ಆಫ್ ಮಾಡಬೇಕು. ಇಲ್ಲವಾದರೆ ರಾತ್ರಿ ಮೋಟಾರು ತಾನೇ ಓಡಿ ಸಾಕ್ಷಿಯನ್ನು ಅಳಿಸಿಬಿಡುತ್ತದೆ. ರಾತ್ರಿ ಹತ್ತಕ್ಕೆ ಟ್ಯಾಂಕಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ ಆರಕ್ಕೆ ಯಾರೂ ನೀರು ಮುಟ್ಟುವ ಮುನ್ನ ನೋಡಿ. ಟ್ಯಾಂಕಿನ ಅಗಲ 1.1 ಮೀಟರ್ ಇದ್ದರೆ ಒಂದು ಸೆಂಟಿಮೀಟರಿಗೆ ಸುಮಾರು 10 ಲೀಟರ್. ನಮ್ಮ ಫ್ಲಶ್ ಸೋರಿಕೆ ಎಂಟು ಗಂಟೆಯಲ್ಲಿ 48 ಲೀಟರ್ ತಿಂದಿರುತ್ತದೆ, ಐದು ಸೆಂಟಿಮೀಟರ್ ಇಳಿತ. ರಾತ್ರಿ ಎದ್ದವರು ಫ್ಲಶ್ ಮಾಡಿದ್ದರೆ ಅದನ್ನು ಕಳೆಯಿರಿ. ಮರುರಾತ್ರಿ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ಮುಚ್ಚಿ ಇದನ್ನೇ ಮಾಡಿ. ಆಗಲೂ ಇಳಿದರೆ ತಪ್ಪು ಟ್ಯಾಂಕಿನದು ಅಥವಾ ಆ ವಾಲ್ವಿನದು, ಇಳಿಯದಿದ್ದರೆ ಮನೆಯ ಒಳಗಿನದು. ಒಳಗಿನದಾದರೆ ಫ್ಲಶ್ ಟ್ಯಾಂಕಿಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಕಾಯಿರಿ. ಫ್ಲಶ್ ಮಾಡದೆಯೇ ಕಮೋಡಿಗೆ ಬಣ್ಣ ಇಳಿದರೆ ರಬ್ಬರು ಬದಲಿಸಬೇಕು.

ಸಂಪಿನ ವಿಷಯ ಬೇರೆ. ಅದು ದಿನಕ್ಕೆ ಇಪ್ಪತ್ತು ಸೆಂಟಿಮೀಟರಿಗೂ ಹೆಚ್ಚು ಇಳಿದು, ನೀರು ಬಂದ ದಿನ ಒಮ್ಮೆಗೇ ಏರುವುದರಿಂದ ಯಾವಾಗಲೋ ಒಮ್ಮೆ ಮುಚ್ಚಳ ತೆಗೆದು ನೋಡಿದರೆ ಏನೂ ತಿಳಿಯದು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಎಂದರೆ 40 ಲೀಟರ್. ಆ 168 ಲೀಟರಿನ ಕೊರತೆ ಬರೀ ನಾಲ್ಕು ಸೆಂಟಿಮೀಟರಾಗಿ ಏರಿಳಿತದೊಳಗೆ ಮುಚ್ಚಿಹೋಗುತ್ತದೆ. ಅದಕ್ಕೇ ಪ್ರತಿ ಸಲ ಒಂದೇ ಹೊತ್ತಿನಲ್ಲಿ, ನೀರು ಬಿಡುವುದಕ್ಕೆ ಸ್ವಲ್ಪ ಮೊದಲು ಅಳೆಯಬೇಕು. ಬಳಕೆ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ ಇರುವುದರಿಂದ ಎರಡು ಅಂಕಿ ನೋಡಿ ತೀರ್ಪು ಕೊಡಬೇಡಿ. ಐದಾರು ಅಂಕಿಗಳು ಒಂದರ ಕೆಳಗೊಂದು ಇಳಿಯುತ್ತಾ ಹೋದರೆ ಮನೆಯೊಳಗೆ ಹುಡುಕಿ, ಬೀದಿಯವರೊಡನೆ ಜಗಳ ಆಮೇಲೆ. ಮಳೆಗಾಲದಲ್ಲಿ ಇದರ ತಿರುಗುಮುರುಗು ಆಗಿ, ಲೆಕ್ಕಕ್ಕಿಂತ ಹೆಚ್ಚು ನೀರು ಕಂಡರೆ ಸಂತೋಷಪಡಬೇಡಿ. ಬಿರುಕಿನಿಂದ ಹೊರಗಿನ ನೀರು ಸಂಪಿನೊಳಗೆ ಜಿನುಗುತ್ತಿರಬಹುದು, ನಕ್ಷೆಯಲ್ಲಿಲ್ಲದ ಆ ಒಳಹರಿವು ಪಕ್ಕದ ಚರಂಡಿಯದೂ ಆಗಿರಬಹುದು. ಅದನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು.

ಅಳೆಯಲು ಗುರುತು ಹಾಕಿದ ಒಂದು ಉದ್ದನೆಯ ಪೈಪು ಸಾಕು. ಮೇಲಿನಿಂದಲೇ ಇಳಿಸಿ ನೋಡಿ. ಎಷ್ಟೇ ಬರಿದಾಗಿ ಕಂಡರೂ ಸಂಪಿನೊಳಗೆ ಯಾರನ್ನೂ ಇಳಿಸಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು. ಅಳೆದ ಮೇಲೆ ಮುಚ್ಚಳವನ್ನು ಭದ್ರವಾಗಿ ಹಾಕಿ.